ಐದು ಚುಕ್ಕಿ, ನಡುವೆ ಒಂದು ದೊಡ್ಡ ವೃತ್ತ: ಸ್ವಿಂಡನ್ ಜಂಕ್ಷನ್ನಿನ ಫೋಟೋ ಓದುವುದು ಹೇಗೆ?

ಮೇಲಿನಿಂದ ತೆಗೆದ ಆ ಫೋಟೋ ನಿಮ್ಮ ಫೋನಿಗೂ ಬಂದಿರಬಹುದು. ನಡುವೆ ಒಂದು ದೊಡ್ಡ ವೃತ್ತ, ಅದರ ಸುತ್ತ ಐದು ಚಿಕ್ಕ ಬಿಳಿ ಚುಕ್ಕಿ. ಐದು ದಿಕ್ಕಿನಿಂದ ರಸ್ತೆಗಳು ಬಂದು ಸೇರುತ್ತವೆ. ಟಾರಿನ ತುಂಬ ಬಾಣ, ತುಂಡು ಗೆರೆ, ಓರೆ ಪಟ್ಟೆ. ಕಾರುಗಳು ಕೆಲವು ಹೀಗೆ ತಿರುಗುತ್ತಿವೆ, ಕೆಲವು ಹಾಗೆ. ಜೊತೆಗೆ ಯಾರೋ ಬರೆದ ಒಂದು ಸಾಲು: "ಇಲ್ಲಿ ಗಾಡಿ ಓಡಿಸೋದು ಹೇಗೆ ಹೇಳಿ ನೋಡೋಣ!"

ಹೇಳೋಣ. ಇದು ಇಂಗ್ಲೆಂಡಿನ ಸ್ವಿಂಡನ್ ಊರಿನ ಜಂಕ್ಷನ್. ಊರಿನ ಫುಟ್‌ಬಾಲ್ ಮೈದಾನವಾದ ಕೌಂಟಿ ಗ್ರೌಂಡ್ ಪಕ್ಕದಲ್ಲೇ ಇದೆ. 1972ರಲ್ಲಿ ಕಟ್ಟಿದ್ದು. ಮೊದಲು ಇದಕ್ಕೆ ಕೌಂಟಿ ಐಲೆಂಡ್ಸ್ ಎಂಬ ಹೆಸರಿತ್ತು. ಜನ ಮಾತ್ರ ಮ್ಯಾಜಿಕ್ ರೌಂಡಬೌಟ್ ಎಂದೇ ಕರೆಯುತ್ತಿದ್ದರು. ಕೊನೆಗೆ ಅಧಿಕೃತ ಹೆಸರೂ ಅದೇ ಆಯಿತು.

ಫೋಟೋ ನೋಡಿದವರಿಗೆ ತಲೆ ಸುತ್ತುವುದಕ್ಕೆ ಕಾರಣ ಒಂದೇ. ಎಲ್ಲವನ್ನೂ ಒಟ್ಟಿಗೆ ಅರ್ಥ ಮಾಡಿಕೊಳ್ಳಲು ಹೋಗುತ್ತಾರೆ. ಅಲ್ಲಿ ಗಾಡಿ ಓಡಿಸುವವನಿಗೆ ಆ ಕಷ್ಟವಿಲ್ಲ. ಅವನಿಗೆ ಒಂದು ಸಲಕ್ಕೆ ಕಾಣುವುದು ಒಂದೇ ಚುಕ್ಕಿ. ನಾವೂ ಅಲ್ಲಿಂದಲೇ ಶುರು ಮಾಡೋಣ.

ಮೊದಲು ಒಂದೇ ಒಂದು ಚುಕ್ಕಿ

ಬೇರೆಲ್ಲವನ್ನೂ ಕೈಯಿಂದ ಮುಚ್ಚಿ ಒಂದು ಬಿಳಿ ಚುಕ್ಕಿಯನ್ನು ಮಾತ್ರ ನೋಡಿ. ಇದನ್ನು ಮಿನಿ ರೌಂಡಬೌಟ್ ಎನ್ನುತ್ತಾರೆ. ಮಾಮೂಲಿ ರೌಂಡಬೌಟಿನ ನಡುವೆ ಕಲ್ಲುಕಟ್ಟೆ, ಹುಲ್ಲು, ಕೆಲವು ಕಡೆ ಪ್ರತಿಮೆ ಇರುತ್ತದೆ. ಮಿನಿಯಲ್ಲಿ ಅದೇನೂ ಇಲ್ಲ. ಬಿಳಿ ಬಣ್ಣದ ಒಂದು ಗುಂಡನೆಯ ಗುರುತು, ಅಷ್ಟೇ. ಬ್ರಿಟನ್ನಿನ ನಿಯಮದ ಪ್ರಕಾರ ಇದರ ಅಗಲ 1 ಮೀಟರಿನಿಂದ 4 ಮೀಟರ್ ಒಳಗಿರಬೇಕು. ಕೆಲವು ಚಪ್ಪಟೆಯಾಗಿರುತ್ತವೆ, ಕೆಲವು ನಡುವೆ ಸ್ವಲ್ಪ ಉಬ್ಬಿರುತ್ತವೆ.

ಚುಕ್ಕಿಯ ಸುತ್ತ ಮೂರು ಬಾಗಿದ ಬಾಣಗಳು ಇರುತ್ತವೆ. ಒಂದರ ಹಿಂದೆ ಒಂದು ಓಡುತ್ತಿರುವ ಹಾಗೆ ಬರೆದಿರುತ್ತಾರೆ. ಅವು ಹೇಳುವುದು ಇಷ್ಟು: ಈ ಚುಕ್ಕಿಯನ್ನು ಗಡಿಯಾರದ ಮುಳ್ಳು ಹೋಗುವ ದಿಕ್ಕಿನಲ್ಲಿ ಸುತ್ತಿ. ನಮಗೆ ಇದನ್ನು ನೆನಪಿಡುವುದು ಸುಲಭ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವಾಗ ಗರ್ಭಗುಡಿ ಯಾವಾಗಲೂ ನಮ್ಮ ಬಲಗೈ ಕಡೆ ಇರುತ್ತದೆ ಅಲ್ವಾ? ಇಲ್ಲೂ ಹಾಗೆಯೇ, ಚುಕ್ಕಿ ಬಲಗಡೆ ಇರಬೇಕು. ಬ್ರಿಟನ್ನಿನಲ್ಲೂ ನಮ್ಮ ಹಾಗೆ ರಸ್ತೆಯ ಎಡಗಡೆ ಗಾಡಿ ಓಡಿಸುವುದರಿಂದ ಇದು ಹೀಗಿದೆ. ಬಲಗಡೆ ಓಡಿಸುವ ದೇಶಗಳಲ್ಲಿ ಬಾಣಗಳೆಲ್ಲ ಇದರ ಉಲ್ಟಾ ಇರುತ್ತವೆ.

ಬರೀ ಬಣ್ಣ ತಾನೇ, ಮೇಲೇ ಹತ್ತಿಸಿಕೊಂಡು ನೇರ ಹೋದರೆ ಏನಾಗುತ್ತದೆ? ಚಕ್ರಕ್ಕೆ ಏನೂ ಆಗುವುದಿಲ್ಲ. ಆದರೆ ನಿಯಮ ಅದಕ್ಕೆ ಒಪ್ಪುವುದಿಲ್ಲ. ಸುತ್ತಲು ಸಾಧ್ಯವಿರುವ ಗಾಡಿಗಳೆಲ್ಲ ಸುತ್ತಿಯೇ ಹೋಗಬೇಕು. ಗಾತ್ರದಿಂದಾಗಿ ಸುತ್ತಲಾಗದ ಉದ್ದನೆಯ ಲಾರಿ, ಬಸ್ಸುಗಳಿಗೆ ಮಾತ್ರ ಚುಕ್ಕಿಯ ಮೇಲೆ ಹಾಯಲು ಬಿಡುತ್ತಾರೆ. ಕಟ್ಟೆ ಕಟ್ಟದೆ ಬರೀ ಬಣ್ಣ ಬಳಿಯುವುದು ಇದಕ್ಕೇ. ಇಕ್ಕಟ್ಟಿನ ಜಾಗದಲ್ಲಿ ಕಟ್ಟೆ ಕಟ್ಟಿದ್ದರೆ ದೊಡ್ಡ ಗಾಡಿ ಸಿಕ್ಕಿಹಾಕಿಕೊಳ್ಳುತ್ತಿತ್ತು.

ಬಲಗಡೆಯವರಿಗೆ ಮೊದಲು ದಾರಿ

ಚುಕ್ಕಿಗೆ ಸೇರುವ ಪ್ರತಿ ರಸ್ತೆಯ ಬಾಯಲ್ಲಿ ಅಡ್ಡಲಾಗಿ ಒಂದು ದಪ್ಪ ತುಂಡು ಗೆರೆ ಕಾಣುತ್ತದೆ. ಇಡೀ ಫೋಟೋದಲ್ಲಿ ಅತಿ ಮುಖ್ಯವಾದ ಗುರುತು ಇದೇ. ಬಾಣಗಳು ಕಣ್ಣಿಗೆ ಹೊಡೆಯುವುದರಿಂದ ಇದನ್ನು ಯಾರೂ ಗಮನಿಸುವುದಿಲ್ಲ. ಇದಕ್ಕೆ ಗಿವ್ ವೇ ಗೆರೆ ಎನ್ನುತ್ತಾರೆ, ಅಂದರೆ ದಾರಿ ಬಿಡುವ ಗೆರೆ.

ಇದು ಸ್ಟಾಪ್ ಗೆರೆ ಅಲ್ಲ. ಸ್ಟಾಪ್ ಗೆರೆ ಒಂದೇ ಸಮನೆ, ಎಲ್ಲೂ ಕಡಿಯದೆ ಇರುತ್ತದೆ. ಅಲ್ಲಿ ಯಾರೂ ಬರದಿದ್ದರೂ ಗಾಡಿ ಪೂರ್ತಿ ನಿಲ್ಲಬೇಕು. ತುಂಡು ಗೆರೆಯಲ್ಲಿ ಹಾಗಲ್ಲ. ಬಲಗಡೆಯಿಂದ ಯಾರಾದರೂ ಬರುತ್ತಿದ್ದರೆ ನಿಲ್ಲಿ, ಇಲ್ಲದಿದ್ದರೆ ನಿಧಾನವಾಗಿ ಹೋಗುತ್ತಾ ಇರಿ ಎಂದರ್ಥ.

ಬಲಗಡೆಯವರಿಗೇ ಯಾಕೆ? ಪ್ರದಕ್ಷಿಣೆಯ ದಿಕ್ಕಿನಲ್ಲಿ ಸುತ್ತುತ್ತಿರುವ ಗಾಡಿ ನಿಮ್ಮ ಮುಂದೆ ಬರುವುದು ಬಲಗಡೆಯಿಂದಲೇ. ಹಾಗಾಗಿ ಬಲಗಡೆಯವರಿಗೆ ದಾರಿ ಬಿಡಿ ಎಂದರೂ ಒಂದೇ, ಆಗಲೇ ವೃತ್ತದೊಳಗೆ ಇರುವವರಿಗೆ ದಾರಿ ಬಿಡಿ ಎಂದರೂ ಒಂದೇ.

ಇಷ್ಟು ಸರಳವಾದ ಈ ನಿಯಮ ಬ್ರಿಟನ್ನಿನಲ್ಲಿ ಜಾರಿಗೆ ಬಂದದ್ದು 1966ರಲ್ಲಿ. ಅದಕ್ಕೆ ಮುಂಚೆ ರೌಂಡಬೌಟಿನಲ್ಲಿ ಯಾರು ಮೊದಲು ಎನ್ನುವುದು ನಿಕ್ಕಿ ಇರಲಿಲ್ಲ. ಹೊರಗಿನವರು ಒಳಗೆ ನುಗ್ಗುತ್ತಿದ್ದರು. ವೃತ್ತ ತುಂಬಿಬಿಡುತ್ತಿತ್ತು. ಒಳಗಿದ್ದವರಿಗೆ ಹೊರಗೆ ಹೋಗಲು ದಾರಿ ಇಲ್ಲ, ಅವರು ಹೊರಗೆ ಹೋಗದೆ ಬೇರೆಯವರಿಗೆ ಜಾಗವಿಲ್ಲ. ಎಲ್ಲರೂ ಅಲ್ಲಲ್ಲೇ ನಿಲ್ಲುವುದು. ಇದನ್ನು ತಪ್ಪಿಸಲು ವೃತ್ತಗಳನ್ನು ದೊಡ್ಡದಾಗಿ ಕಟ್ಟಬೇಕಾಗಿತ್ತು.

ಒಳಗಿದ್ದವರಿಗೆ ಮೊದಲ ಹಕ್ಕು ಕೊಟ್ಟ ಮೇಲೆ ಆ ಕಗ್ಗಂಟು ಬಿಚ್ಚಿತು. ವೃತ್ತ ದೊಡ್ಡದಾಗಿರಲೇಬೇಕು ಎನ್ನುವ ಅಗತ್ಯವೂ ಹೋಯಿತು. ಬ್ರಿಟನ್ನಿನ ಸರ್ಕಾರಿ ರಸ್ತೆ ಸಂಶೋಧನಾಲಯದಲ್ಲಿದ್ದ ಫ್ರಾಂಕ್ ಬ್ಲ್ಯಾಕ್‌ಮೋರ್ ಇದನ್ನು ಹಿಡಿದುಕೊಂಡು ಮುಂದೆ ಹೋದರು. ನಡುವಿನ ಕಟ್ಟೆಯನ್ನು ಕುಗ್ಗಿಸುತ್ತಾ ಹೋಗಿ ಕೊನೆಗೆ ಚುಕ್ಕಿಗೆ ತಂದು ನಿಲ್ಲಿಸಿದರು. ಸ್ವಿಂಡನ್ ಜಂಕ್ಷನ್ ಕೂಡ ಅವರದೇ ವಿನ್ಯಾಸ.

ನಡುವಿನ ವೃತ್ತದಲ್ಲಿ ಉಲ್ಟಾ ಓಡುವುದು ಯಾಕೆ?

ಈಗ ಕೈ ತೆಗೆದು ಪೂರ್ತಿ ಫೋಟೋ ನೋಡಿ. ಐದು ರಸ್ತೆಗೆ ಐದು ಚುಕ್ಕಿ. ಚುಕ್ಕಿಯಿಂದ ಚುಕ್ಕಿಗೆ ಒಂದೊಂದು ಸಣ್ಣ ರಸ್ತೆಯ ತುಂಡು. ಈ ಐದು ತುಂಡುಗಳು ಸೇರಿ ನಡುವಿನ ದೊಡ್ಡ ವೃತ್ತದ ಸುತ್ತ ಒಂದು ಬಳೆಯಂತಾಗಿವೆ.

ಈ ಬಳೆಯ ಹೊರ ಅಂಚಿನಲ್ಲಿ ಗಾಡಿಗಳು ಪ್ರದಕ್ಷಿಣೆಯ ದಿಕ್ಕಿನಲ್ಲಿ ಹೋಗುತ್ತಿವೆ. ಒಳ ಅಂಚಿನಲ್ಲಿ, ಅಂದರೆ ದೊಡ್ಡ ವೃತ್ತಕ್ಕೆ ಒತ್ತಿಕೊಂಡು, ಅಪ್ರದಕ್ಷಿಣೆಯ ದಿಕ್ಕಿನಲ್ಲಿ. ಜನ ಬಾಯಿ ಬಿಡುವುದು ಇಲ್ಲೇ. ರೌಂಡಬೌಟಿನಲ್ಲಿ ಉಲ್ಟಾ ಹೋಗುವುದೇ? ಇದಕ್ಕೆ ಬೇರೆ ಯಾವುದೋ ವಿಶೇಷ ನಿಯಮ ಇರಬೇಕು ಎಂದುಕೊಳ್ಳುತ್ತಾರೆ.

ಯಾವ ವಿಶೇಷ ನಿಯಮವೂ ಇಲ್ಲ. ನಡುವಿನದನ್ನು ರೌಂಡಬೌಟ್ ಎಂದುಕೊಳ್ಳುವುದರಿಂದಲೇ ಗೊಂದಲವಾಗುವುದು. ಅದನ್ನು ಒಂದು ಮಾಮೂಲಿ ಎರಡು ದಿಕ್ಕಿನ ರಸ್ತೆ ಎಂದು ನೋಡಿ. ನೆಟ್ಟಗಿರುವ ಬದಲು ಬಾಗಿ ಬಾಗಿ ತನ್ನ ಬಾಲವನ್ನೇ ಸೇರಿರುವ ರಸ್ತೆ ಅಷ್ಟೇ. ಎರಡು ದಿಕ್ಕಿನ ರಸ್ತೆಯಲ್ಲಿ ಏನು ಮಾಡುತ್ತೇವೆ? ಎಡಕ್ಕೆ ಹೋಗುತ್ತೇವೆ. ಈ ಬಳೆಯ ಮೇಲೆ ಪ್ರದಕ್ಷಿಣೆಯ ದಿಕ್ಕಿಗೆ ಹೊರಟವನಿಗೆ ಎಡಗಡೆ ಎಂದರೆ ಹೊರ ಅಂಚು. ಅಪ್ರದಕ್ಷಿಣೆಯ ದಿಕ್ಕಿಗೆ ಹೊರಟವನಿಗೆ ಎಡಗಡೆ ಎಂದರೆ ಒಳ ಅಂಚು. ಇಬ್ಬರೂ ತಮ್ಮ ತಮ್ಮ ಎಡಕ್ಕೆ ಸರಿಯಾಗಿಯೇ ಹೋಗುತ್ತಿದ್ದಾರೆ. ಮೇಲಿನಿಂದ ನೋಡುವ ನಮಗೆ ಒಳಗಿನವರು ಉಲ್ಟಾ ಹೋದಂತೆ ಕಾಣುತ್ತದೆ.

ಚುಕ್ಕಿಯ ಕಡೆಯಿಂದ ನೋಡಿದರೂ ಲೆಕ್ಕ ಸರಿಹೋಗುತ್ತದೆ. ಫೋಟೋದಲ್ಲಿ ಅತಿ ಕೆಳಗಿರುವ ಚುಕ್ಕಿಯ ಮೇಲೆ ಬೆರಳಿಟ್ಟು ಗಡಿಯಾರದ ದಿಕ್ಕಿನಲ್ಲಿ ಸುತ್ತಿಸಿ. ಚುಕ್ಕಿಯ ಮೇಲ್ಭಾಗದಲ್ಲಿ, ಅಂದರೆ ದೊಡ್ಡ ವೃತ್ತದ ಕಡೆ, ಬೆರಳು ಎಡದಿಂದ ಬಲಕ್ಕೆ ಹೋಗುತ್ತದೆ. ಅದೇ ಚಲನೆಯನ್ನು ದೊಡ್ಡ ವೃತ್ತದ ಸುತ್ತ ಮುಂದುವರಿಸಿದರೆ ಅಪ್ರದಕ್ಷಿಣೆಯೇ ಆಗುತ್ತದೆ. ಪ್ರತಿ ಚುಕ್ಕಿಯಲ್ಲೂ ನಿಯಮ ಪಾಲಿಸಿದರೆ ನಡುವೆ ತಾನಾಗಿಯೇ ಉಲ್ಟಾ ಸುತ್ತು ಹುಟ್ಟುತ್ತದೆ. ಕಾಗದದ ಮೇಲೆ ಒಮ್ಮೆ ಬಿಡಿಸಿ ನೋಡಿ, ಇದು ಓದುವುದಕ್ಕಿಂತ ಬೆರಳಿಗೆ ಬೇಗ ಗೊತ್ತಾಗುವ ವಿಷಯ.

ಡ್ರೋವ್ ರೋಡಿನಿಂದ ಕ್ವೀನ್ಸ್ ಡ್ರೈವ್‌ಗೆ

ಈಗ ಒಂದು ಕಾರನ್ನು ಪೂರ್ತಿ ದಾಟಿಸೋಣ. ಫೋಟೋದ ಮೇಲ್ಭಾಗ ಉತ್ತರ ಎಂದಿಟ್ಟುಕೊಳ್ಳಿ. ಕೆಳಗಿನಿಂದ, ಅಂದರೆ ದಕ್ಷಿಣದಿಂದ ಬರುವುದು ಡ್ರೋವ್ ರೋಡ್. ಅಲ್ಲಿಂದ ಪ್ರದಕ್ಷಿಣೆಯಾಗಿ ಹೋದರೆ ಫ್ಲೆಮಿಂಗ್ ವೇ, ಆಮೇಲೆ ಕೌಂಟಿ ರೋಡ್, ಶ್ರಿವೆನ್ಹಮ್ ರೋಡ್, ಕೊನೆಗೆ ಕ್ವೀನ್ಸ್ ಡ್ರೈವ್. ನಮ್ಮ ಕಾರು ಡ್ರೋವ್ ರೋಡಿನಿಂದ ಬಂದು ಕ್ವೀನ್ಸ್ ಡ್ರೈವ್‌ಗೆ ಹೋಗಬೇಕು. ಅದು ಬಲಪಕ್ಕದ ರಸ್ತೆಯೇ.

ಕಾರು ಡ್ರೋವ್ ರೋಡಿನ ತುಂಡು ಗೆರೆಗೆ ಬರುತ್ತದೆ. ಬಲಕ್ಕೆ ನೋಡುತ್ತದೆ. ಅಲ್ಲಿಂದ ಬರುವವರು ಬಳೆಯ ಹೊರ ಅಂಚಿನಲ್ಲಿ ಕ್ವೀನ್ಸ್ ಡ್ರೈವ್ ಕಡೆಯಿಂದ ಬರುತ್ತಿರುವವರು. ಅವರು ಹೋಗಲಿ. ಜಾಗ ಸಿಕ್ಕಿದ ಮೇಲೆ ಕಾರು ಮುಂದೆ ಬಂದು, ಚುಕ್ಕಿಯನ್ನು ಬಲಗೈ ಕಡೆ ಇಟ್ಟುಕೊಂಡು ಸುತ್ತಿ, ಬಲಗಡೆಯ ತುಂಡು ರಸ್ತೆಗೆ ಇಳಿಯುತ್ತದೆ. ಎಡಕ್ಕೇ ಇರಬೇಕಲ್ಲ, ಹಾಗಾಗಿ ದೊಡ್ಡ ವೃತ್ತಕ್ಕೆ ಒತ್ತಿಕೊಂಡು ಹೋಗುತ್ತಿದೆ. ಉಲ್ಟಾ ಸುತ್ತು ಶುರುವಾಯಿತು, ಆದರೆ ಡ್ರೈವರಿಗೆ ಹಾಗೇನೂ ಅನಿಸುವುದಿಲ್ಲ. ಅವನು ಬಲಕ್ಕೆ ತಿರುಗಿ ಎಡ ಹಿಡಿದು ಹೋಗುತ್ತಿದ್ದಾನೆ.

ಕೆಲವೇ ಗಜ ದೂರದಲ್ಲಿ ಎರಡನೇ ತುಂಡು ಗೆರೆ. ಇದು ಕ್ವೀನ್ಸ್ ಡ್ರೈವ್‌ನ ಚುಕ್ಕಿ. ಮತ್ತೆ ಬಲಕ್ಕೆ ನೋಡಬೇಕು. ಈಗ ಬಲಗಡೆ ಇರುವುದು ಕ್ವೀನ್ಸ್ ಡ್ರೈವ್ ರಸ್ತೆಯೇ, ಹೊಸದಾಗಿ ಜಂಕ್ಷನ್ನಿಗೆ ಬರುತ್ತಿರುವವರು. ನಮ್ಮ ಕಾರು ಆಗಲೇ ಒಳಗಿದೆ, ಅವರು ಹೊರಗಿನಿಂದ ಬರುತ್ತಿದ್ದಾರೆ. ಆದರೂ ದಾರಿ ಬಿಡಬೇಕಾದವರು ನಾವು. ದೊಡ್ಡ ವೃತ್ತವನ್ನೇ ರೌಂಡಬೌಟ್ ಎಂದು ತಿಳಿದವನು ಇಲ್ಲಿ ತಪ್ಪು ಮಾಡುತ್ತಾನೆ. "ನಾನು ಒಳಗಿದ್ದೇನೆ, ಹಕ್ಕು ನನ್ನದು" ಎಂದು ನುಗ್ಗಿಬಿಡುತ್ತಾನೆ. ಹಕ್ಕು ಲೆಕ್ಕ ಹಾಕುವುದು ದೊಡ್ಡ ವೃತ್ತದಿಂದ ಅಲ್ಲ, ಎದುರಿಗಿರುವ ಚುಕ್ಕಿಯಿಂದ. ಫೋಟೋದಲ್ಲಿ ಆ ಜಾಗದಲ್ಲೊಂದು ತುಂಡು ಗೆರೆ ಇರುವುದೇ ಅದಕ್ಕೆ ಸಾಕ್ಷಿ.

ಬಲ ಖಾಲಿ ಆಯಿತು ಎನ್ನಿ. ಕಾರು ಚುಕ್ಕಿಯನ್ನು ಸುತ್ತಿ ಬಲಕ್ಕೆ ತಿರುಗಿ ಕ್ವೀನ್ಸ್ ಡ್ರೈವ್‌ಗೆ ಹೊರಟುಹೋಗುತ್ತದೆ. ಎರಡು ತುಂಡು ಗೆರೆ, ಎರಡು ಸಲ ಬಲಕ್ಕೆ ನೋಟ, ಎರಡು ಬಲ ತಿರುವು. ಅಷ್ಟೇ ಕೆಲಸ.

ಇದರಿಂದ ಏನು ಲಾಭ ಎನ್ನುವುದು ಇಲ್ಲೇ ಗೊತ್ತಾಗುತ್ತದೆ. ಇದೇ ಐದು ರಸ್ತೆಗೆ ಮಾಮೂಲಿ ದೊಡ್ಡ ರೌಂಡಬೌಟ್ ಇದ್ದಿದ್ದರೆ ನಮ್ಮ ಕಾರು ಬಲಕ್ಕೆ ತಿರುಗುವಂತೆಯೇ ಇರಲಿಲ್ಲ. ಎಡಕ್ಕೆ ಹೊರಟು ಫ್ಲೆಮಿಂಗ್ ವೇ, ಕೌಂಟಿ ರೋಡ್, ಶ್ರಿವೆನ್ಹಮ್ ರೋಡ್ ಮೂರರ ಬಾಯನ್ನೂ ದಾಟಿಕೊಂಡು, ಹೆಚ್ಚುಕಮ್ಮಿ ಪೂರ್ತಿ ಸುತ್ತು ಹಾಕಿ ಬರಬೇಕಿತ್ತು. ಆ ಮೂರೂ ಕಡೆ ಕಾಯುತ್ತಿರುವವರು ಈ ಒಂದು ಕಾರಿಗಾಗಿ ನಿಲ್ಲಬೇಕಿತ್ತು. ಸ್ವಿಂಡನ್ನಿನ ಫೋಟೋದಲ್ಲಿ ಆ ಮೂವರಿಗೂ ಈ ಕಾರು ಕಾಣಿಸಿಕೊಳ್ಳುವುದೇ ಇಲ್ಲ. ಅವರವರ ಚುಕ್ಕಿಯಲ್ಲಿ ಅವರವರ ಕೆಲಸ ನಡೆಯುತ್ತಿರುತ್ತದೆ.

ಇನ್ನೊಂದು ಸೌಕರ್ಯವೂ ಇದೆ. ಡ್ರೋವ್ ರೋಡಿನಿಂದ ಕೌಂಟಿ ರೋಡಿಗೆ ಹೋಗಬೇಕೆನ್ನಿ. ಎಡಗಡೆಯಿಂದ ಹೋದರೆ ಫ್ಲೆಮಿಂಗ್ ವೇ ಚುಕ್ಕಿ ದಾಟಿ ಎರಡನೆಯದು. ಬಲಗಡೆಯಿಂದ ಹೋದರೆ ಕ್ವೀನ್ಸ್ ಡ್ರೈವ್, ಶ್ರಿವೆನ್ಹಮ್ ದಾಟಿ ಮೂರನೆಯದು. ಎಡಗಡೆ ಹತ್ತಿರ, ಆದರೆ ಅಲ್ಲಿ ಸಾಲು ನಿಂತಿದ್ದರೆ ಬಲಗಡೆಯಿಂದ ಹೋಗಲು ಅಡ್ಡಿಯಿಲ್ಲ. ರೂಢಿಯಾದವರು ಆ ಹೊತ್ತಿಗೆ ಯಾವ ಕಡೆ ಖಾಲಿ ಇದೆಯೋ ಆ ಕಡೆ ಹಿಡಿಯಬಹುದು.

ತುಂಡು ಗೆರೆ, ಓರೆ ಪಟ್ಟೆ, ಹಳದಿ ಗೆರೆ

ಉಳಿದ ಗುರುತುಗಳು ಇಷ್ಟು ಕಷ್ಟವಿಲ್ಲ.

ರಸ್ತೆಯ ಉದ್ದಕ್ಕೂ ಹೋಗುವ ತುಂಡು ಗೆರೆಗಳಲ್ಲಿ ಬಣ್ಣ ಎಷ್ಟು, ಖಾಲಿ ಎಷ್ಟು ಎಂದು ನೋಡಿ. ಬಣ್ಣದ ತುಂಡು ಗಿಡ್ಡವಾಗಿ, ನಡುವಿನ ಖಾಲಿ ಉದ್ದವಾಗಿದ್ದರೆ ಅದು ಲೇನ್ ಬೇರೆ ಮಾಡುವ ಅಥವಾ ರಸ್ತೆಯ ನಡುಭಾಗ ತೋರಿಸುವ ಮಾಮೂಲಿ ಗೆರೆ. ಬಣ್ಣ ಉದ್ದವಾಗಿ, ಖಾಲಿ ಗಿಡ್ಡವಾಗಿದ್ದರೆ ಮುಂದೆ ಏನೋ ಅಪಾಯ ಇದೆ, ದಾರಿ ಖಾಲಿ ಇದೆ ಎಂದು ಖಚಿತವಾಗದೆ ಗೆರೆ ದಾಟಬೇಡಿ ಎನ್ನುವ ಎಚ್ಚರಿಕೆ. ಜಂಕ್ಷನ್ ಹತ್ತಿರವಾದ ಹಾಗೆ ನಡುಗೆರೆ ಇಂಥ ಗೆರೆಯಾಗುತ್ತದೆ. ಬಣ್ಣ ಜಾಸ್ತಿ ಆದಷ್ಟೂ ಜೋಪಾನ ಜಾಸ್ತಿ ಬೇಕು ಎಂದು ನೆನಪಿಟ್ಟುಕೊಂಡರೆ ಸಾಕು.

ಓರೆ ಪಟ್ಟೆ ಬಳಿದ ಜಾಗಗಳು ಎದುರುಬದುರು ಬರುವ ಗಾಡಿಗಳನ್ನು ದೂರ ಇಡಲು. ಇವು ಬಣ್ಣದಲ್ಲಿ ಬರೆದ ಕಟ್ಟೆಗಳು. ಇವುಗಳ ಅಂಚನ್ನು ಗಮನಿಸಬೇಕು. ಅಂಚಿನ ಗೆರೆ ತುಂಡು ತುಂಡಾಗಿದ್ದರೆ, ತೀರಾ ಅಗತ್ಯವಿದ್ದು ಸುರಕ್ಷಿತ ಎಂದು ಕಂಡರೆ ಮಾತ್ರ ಒಳಗೆ ಹೋಗಬಹುದು. ಅಂಚು ಕಡಿಯದ ಗೆರೆಯಾಗಿದ್ದರೆ ತುರ್ತು ಹೊತ್ತಿನಲ್ಲಿ ಬಿಟ್ಟು ಬೇರೆ ಯಾವಾಗಲೂ ಹೋಗುವಂತಿಲ್ಲ.

ರಸ್ತೆ ಅಂಚಿನ ಹಳದಿ ಗೆರೆಗಳನ್ನು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಬ್ರಿಟನ್ನಿನಲ್ಲಿ ಅಂಚಿನ ಹಳದಿ ಗೆರೆ ಪಾರ್ಕಿಂಗಿಗೆ ಸಂಬಂಧಿಸಿದ್ದು. ಗಾಡಿ ಯಾವ ಕಡೆ ಹೋಗಬೇಕು ಎನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ನೆಲದ ಮೇಲೆ ಬರೆದ ಮೇಲೂ ಕಂಬದ ಬೋರ್ಡು ಯಾಕೆ?

ಫೋಟೋದಲ್ಲಿ ಚುಕ್ಕಿಗಳು ಎದ್ದು ಕಾಣುತ್ತವೆ. ಕಾರಿನೊಳಗೆ ಕೂತವನಿಗೆ ಹಾಗೆ ಕಾಣುವುದಿಲ್ಲ. ಮೇಲಿನಿಂದ ತೆಗೆದ ಫೋಟೋ ನಮ್ಮಿಂದ ಮುಚ್ಚಿಡುವ ದೊಡ್ಡ ಸಂಗತಿ ಇದು.

ಸುಮ್ನೆ ಒಂದು ಲೆಕ್ಕ ಹಾಕೋಣ. ಚಿಕ್ಕ ಕಾರಿನಲ್ಲಿ ಕೂತವನ ಕಣ್ಣು ನೆಲದಿಂದ ಸುಮಾರು 1.05 ಮೀಟರ್ ಎತ್ತರದಲ್ಲಿರುತ್ತದೆ. 20 ಮೀಟರ್ ಮುಂದೆ 4 ಮೀಟರ್ ಅಗಲದ ಚಪ್ಪಟೆ ಚುಕ್ಕಿ ಇದೆ ಎನ್ನಿ. ಅದರ ಹತ್ತಿರದ ಅಂಚು ಅವನ ನೇರ ನೋಟಕ್ಕಿಂತ 3 ಡಿಗ್ರಿ ಕೆಳಗೆ ಕಾಣುತ್ತದೆ. ದೂರದ ಅಂಚು 24 ಮೀಟರಿನಲ್ಲಿದೆ, ಅದು 2.5 ಡಿಗ್ರಿ ಕೆಳಗೆ. ಅಂದರೆ ಇಡೀ ಚುಕ್ಕಿ ಅವನ ಕಣ್ಣಿಗೆ ಅರ್ಧ ಡಿಗ್ರಿ ಎತ್ತರದ ಪಟ್ಟಿ ಮಾತ್ರ. ಆಕಾಶದಲ್ಲಿ ಹುಣ್ಣಿಮೆ ಚಂದ್ರನ ಅಗಲವೂ ಅಷ್ಟೇ. ಆದರೆ ಅಡ್ಡಕ್ಕೆ ಅದೇ ಚುಕ್ಕಿ ಸುಮಾರು 10 ಡಿಗ್ರಿ ಹರಡಿರುತ್ತದೆ. ವೃತ್ತ ಎಂದು ಗೊತ್ತೇ ಆಗದ ಒಂದು ಬಿಳಿ ಗೀಟು. ಮುಂದೆ ಒಂದು ಕಾರಿದ್ದರೆ ಅದೂ ಇಲ್ಲ.

ಕೆಲವು ಚುಕ್ಕಿಗಳನ್ನು ಉಬ್ಬಿಸುವುದಕ್ಕೆ ಇದೂ ಒಂದು ಕಾರಣ. ನಡುವೆ ಒಂದಿಷ್ಟು ಎತ್ತರ ಸಿಕ್ಕಿದರೂ ದೂರದಿಂದ ಗುರುತು ಸಿಗುತ್ತದೆ. ರಸ್ತೆಯ ಮೇಲಿನ ಅಕ್ಷರಗಳು ಮೇಲಿನ ಫೋಟೋದಲ್ಲಿ ಎಳೆದು ಉದ್ದ ಮಾಡಿದ ಹಾಗೆ ಕಾಣುವುದಕ್ಕೂ ಕಾರಣ ಇದೇ. ಬ್ರಿಟನ್ನಿನಲ್ಲಿ ನಿಧಾನದ ರಸ್ತೆಗಳಲ್ಲಿ ಈ ಅಕ್ಷರಗಳು 1.6 ಮೀಟರ್ ಉದ್ದ, ವೇಗದ ರಸ್ತೆಗಳಲ್ಲಿ 2.8 ಮೀಟರ್. ಓರೆಯಾಗಿ ನೋಡುವ ಡ್ರೈವರಿಗೆ ಅವು ಸರಿಯಾದ ಅಳತೆಯಲ್ಲಿ ಕಾಣುತ್ತವೆ. ಪೇಂಟರಿನ ಕೈ ತಪ್ಪಿದ್ದಲ್ಲ.

ಆದರೂ ಮಳೆ ಬಂದರೆ ನೆಲದ ಗುರುತು ಮಂಕಾಗುತ್ತದೆ. ರಸ್ತೆ ಬಣ್ಣದಲ್ಲಿ ಸಣ್ಣ ಸಣ್ಣ ಗಾಜಿನ ಮಣಿ ಬೆರೆಸಿರುತ್ತಾರೆ. ಹೆಡ್‌ಲೈಟಿನ ಬೆಳಕು ಅವುಗಳಿಗೆ ಬಿದ್ದು ಡ್ರೈವರಿನ ಕಡೆಗೇ ವಾಪಸ್ ಬರುತ್ತದೆ, ರಾತ್ರಿ ಗೆರೆ ಹೊಳೆಯುವುದು ಹಾಗೆ. ಮಣಿಗಳ ಮೇಲೆ ನೀರು ನಿಂತರೆ ಆ ಹೊಳಪು ಹೋಗುತ್ತದೆ. ಆಗ ಕೈ ಹಿಡಿಯುವುದು ಕಂಬದ ಬೋರ್ಡು.

ಇಲ್ಲಿ ಎರಡು ಬೋರ್ಡುಗಳನ್ನು ಬೇರೆ ಬೇರೆ ಗುರುತಿಸಬೇಕು. ಎರಡರಲ್ಲೂ ಸುತ್ತುವ ಮೂರು ಬಾಣ ಇರುತ್ತವೆ, ಹಾಗಾಗಿ ಒಂದೇ ಎನಿಸುತ್ತವೆ. ಕೆಂಪು ಅಂಚಿನ ತ್ರಿಕೋನದೊಳಗೆ ಬಾಣಗಳಿದ್ದರೆ "ಮುಂದೆ ರೌಂಡಬೌಟ್ ಇದೆ, ತಯಾರಾಗಿ" ಎಂಬ ಎಚ್ಚರಿಕೆ. ನೀಲಿ ಗುಂಡು ಬೋರ್ಡಿನಲ್ಲಿ ಬಿಳಿ ಬಾಣಗಳಿದ್ದರೆ "ಮಿನಿ ರೌಂಡಬೌಟ್ ಇಲ್ಲೇ ಇದೆ, ಹೀಗೇ ಸುತ್ತಬೇಕು" ಎಂಬ ಆಜ್ಞೆ. ಚಿತ್ರಕ್ಕಿಂತ ಮೊದಲು ಆಕಾರ ನೋಡಬೇಕು. ತ್ರಿಕೋನ ಎಂದರೆ ಎಚ್ಚರಿಕೆ, ನೀಲಿ ಗುಂಡು ಎಂದರೆ ಮಾಡಲೇಬೇಕಾದದ್ದು, ಕೆಂಪು ಅಂಚಿನ ಗುಂಡು ಎಂದರೆ ಸಾಮಾನ್ಯವಾಗಿ ಮಾಡಬಾರದ್ದು.

ತಲೆಕೆಳಗಾದ ತ್ರಿಕೋನ ಮಾತ್ರ ಈ ಗುಂಪಿಗೆ ಸೇರುವುದಿಲ್ಲ. ಅದು ದಾರಿ ಬಿಡಿ ಎನ್ನುವ ಬೋರ್ಡು. ಬೇರೆ ಯಾವ ಬೋರ್ಡಿಗೂ ಈ ಆಕಾರ ಕೊಟ್ಟಿಲ್ಲ. ಹಿಮ ಮೆತ್ತಿಕೊಂಡಿದ್ದರೂ, ಬೆನ್ನು ಕಡೆಯಿಂದ ನೋಡಿದರೂ ಅದೇ ಎಂದು ಗೊತ್ತಾಗಬೇಕು ಎನ್ನುವ ಉದ್ದೇಶ. ಎದುರಿನ ರಸ್ತೆಯವನು ನಮಗೆ ದಾರಿ ಬಿಡಬೇಕೋ ಬೇಡವೋ ಎನ್ನುವುದು ಅವನ ಬೋರ್ಡಿನ ಬೆನ್ನು ನೋಡಿದರೂ ತಿಳಿಯುತ್ತದೆ.

ಇವೆಲ್ಲಕ್ಕೂ ಮುಂಚೆ, ಜಂಕ್ಷನ್ನಿಗೆ ಬರುವ ದಾರಿಯಲ್ಲಿ ದೊಡ್ಡ ದಿಕ್ಕಿನ ಬೋರ್ಡು ಸಿಗುತ್ತದೆ. ಅದರಲ್ಲಿ ಒಂದು ಬಳೆ, ಬಳೆಯ ಮೇಲೆ ಐದು ಸಣ್ಣ ವೃತ್ತ. ಅದರ ಚಿತ್ರ ಪ್ರತ್ಯೇಕವಾಗಿ ಓಡಾಡುತ್ತಿರುತ್ತದೆ, ತಮಾಷೆಗೆ ಮಾಡಿದ್ದು ಎಂದುಕೊಳ್ಳುವವರೂ ಇದ್ದಾರೆ. ತಮಾಷೆಯಲ್ಲ, ನಿಜವಾದ ಬೋರ್ಡೇ. ನಿಮ್ಮ ದಾರಿ ಬಳೆಯ ಯಾವ ಕಡೆ ಇದೆ ಎನ್ನುವುದನ್ನು ಮಾತ್ರ ಅದರಿಂದ ತಿಳಿದುಕೊಂಡರೆ ಸಾಕು.

ಫೋಟೋ ಮೋಸ ಮಾಡುವ ಕಡೆ

ಇಂಥ ಫೋಟೋಗಳು ಕೈಯಿಂದ ಕೈಗೆ ಹೋಗುವಾಗ ಕೆಲವು ಸಲ ಎಡಬಲ ಅದಲುಬದಲಾಗಿರುತ್ತವೆ. ಆಗ ಇಲ್ಲಿ ಹೇಳಿದ್ದೆಲ್ಲ ತಪ್ಪು ಎನಿಸುತ್ತದೆ. ಕಂಡುಹಿಡಿಯಲು ಅಕ್ಷರ ನೋಡಿ, ತಿರುಗುಮುರುಗಾಗಿದ್ದರೆ ಗೊತ್ತಾಗುತ್ತದೆ. ಅಕ್ಷರ ಕಾಣದಿದ್ದರೆ ಜಂಕ್ಷನ್ನಿನಿಂದ ದೂರ, ನೆಟ್ಟಗಿರುವ ರಸ್ತೆಯಲ್ಲಿ ಕಾರುಗಳು ಯಾವ ಬದಿಯಲ್ಲಿ ಹೋಗುತ್ತಿವೆ ನೋಡಿ. ಇಂಗ್ಲೆಂಡಿನ ಫೋಟೋದಲ್ಲಿ ಅವು ಬಲಬದಿಯಲ್ಲಿದ್ದರೆ ಚಿತ್ರ ತಿರುಗಿದೆ.

ಚುಕ್ಕಿಯ ಬಣ್ಣವನ್ನೂ ಹತ್ತಿರದಿಂದ ನೋಡಿ. ಅದರ ಮೇಲೆ ಕಪ್ಪು ಟೈರ್ ಗುರುತುಗಳು ಹಾಯ್ದಿದ್ದರೆ, ಗಾಡಿಗಳು ಅಲ್ಲಿ ಸುತ್ತದೆ ನೇರ ಹೋಗುತ್ತಿವೆ. ಒಂದೇ ಪಕ್ಕದಲ್ಲಿ ಮಾತ್ರ ಬಣ್ಣ ಸವೆದಿದ್ದರೆ ದೊಡ್ಡ ಗಾಡಿಗಳ ಹಿಂದಿನ ಚಕ್ರ ಅಲ್ಲಿ ಹಾಯುತ್ತಿರಬಹುದು. ಬಣ್ಣ ಹೇಗಿರಬೇಕು ಎನ್ನುವುದನ್ನು ನಿಯಮ ಹೇಳುತ್ತದೆ, ಜನ ಏನು ಮಾಡುತ್ತಾರೆ ಎನ್ನುವುದನ್ನು ಸವೆತ ಹೇಳುತ್ತದೆ.

ಫೋಟೋ ತೋರಿಸದ ಇನ್ನೊಂದು ಸಂಗತಿ ಈ ವಿನ್ಯಾಸದ ಮಿತಿ. ಚುಕ್ಕಿಯಿಂದ ಚುಕ್ಕಿಗೆ ಇರುವ ರಸ್ತೆಯ ತುಂಡು ಬಹಳ ಗಿಡ್ಡ, ಕೆಲವೇ ಕಾರು ಹಿಡಿಯುತ್ತವೆ. ಹೊರಗೆ ಹೋಗುವ ಯಾವುದಾದರೂ ರಸ್ತೆ ಕಟ್ಟಿಕೊಂಡರೆ ಸಾಲು ಹಿಂದೆ ಬೆಳೆಯುತ್ತದೆ. ಅದು ಹಿಂದಿನ ಚುಕ್ಕಿಯನ್ನು ಮುಟ್ಟಿದರೆ, ಅಲ್ಲಿ ಬೇರೆ ಕಡೆ ಹೋಗಬೇಕಾದವರೂ ನಿಲ್ಲುತ್ತಾರೆ. ಹಾಗಾಗಿ ಮುಂದೆ ಜಾಗವಿಲ್ಲದಿದ್ದರೆ ಬಲ ಖಾಲಿ ಇದ್ದರೂ ತುಂಡು ಗೆರೆಯ ಹಿಂದೆಯೇ ನಿಲ್ಲಬೇಕು. ಚುಕ್ಕಿಯ ಸುತ್ತಲ ಜಾಗ ತೆರವಾಗಿ ಇರುವವರೆಗೆ ಮಾತ್ರ ಇದು ಓಡುತ್ತದೆ. ಅಲ್ಲದೆ ಎಲ್ಲರೂ ನಿಧಾನವಾಗಿಯೇ ಬರಬೇಕು. ವೇಗದ ಹೆದ್ದಾರಿಗಳು ಸೇರುವಲ್ಲಿ ಬರೀ ಬಣ್ಣದ ಚುಕ್ಕಿಯಿಂದ ಕೆಲಸ ಆಗುವುದಿಲ್ಲ.

ಇದು ಕಾಗದದ ಮೇಲೆ ಒಂದೇ ಸಲಕ್ಕೆ ಸರಿಹೋದದ್ದೂ ಅಲ್ಲ. 1972ರಲ್ಲಿ ತೆರೆದಾಗ ಚುಕ್ಕಿಗಳನ್ನು ಖಾಯಂ ಆಗಿ ಬರೆದಿರಲಿಲ್ಲ. ಬೇಕಾದರೆ ಜಾಗ ಬದಲಿಸಲು ಆಗುವಂತೆ ಇಟ್ಟಿದ್ದರು. ಪ್ರತಿ ಚುಕ್ಕಿಯ ಬಳಿ ಒಬ್ಬ ಪೊಲೀಸ್ ನಿಂತು ಜನ ಹೇಗೆ ಓಡಿಸುತ್ತಾರೆ ಎಂದು ನೋಡುತ್ತಿದ್ದರು. ಅದು ಪಳಗಿದ ಮೇಲೆಯೇ ಈಗಿನ ರೂಪಕ್ಕೆ ಬಂದದ್ದು. ಮುಂದಿನ ವರ್ಷ, 1973ರಲ್ಲಿ, ಹೆಮೆಲ್ ಹೆಂಪ್‌ಸ್ಟೆಡ್ ಎಂಬ ಊರಿನಲ್ಲೂ ಇಂಥದ್ದೊಂದು ಬಂತು. ಅಲ್ಲಿ ಸೇರುವ ರಸ್ತೆ ಆರು, ಚುಕ್ಕಿಯೂ ಆರು. ನಿಮಗೆ ಬಂದ ಫೋಟೋದಲ್ಲಿ ಚುಕ್ಕಿ ಎಣಿಸಿದಾಗ ಆರು ಸಿಕ್ಕರೆ ಅದು ಸ್ವಿಂಡನ್ ಅಲ್ಲ. ಓದುವ ಕ್ರಮ ಮಾತ್ರ ಅದಕ್ಕೂ ಇದೇ.